ಕೈಯಲ್ಲಿರುವುದು ಒಂದು ಕೋಟಿ, ಕಾದಿರುವ ಕೆಲಸ ಐದು: ಲಾಭದಾಯಕತೆ ಸೂಚ್ಯಂಕ ಹಿಡಿದು ಯೋಜನೆ ಆರಿಸುವುದು ಹೇಗೆ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಬೆಳೆದ ಭತ್ತವನ್ನು ನಂಬಿಕೊಂಡು ನೂರಾರು ರೈಸ್ ಮಿಲ್‌ಗಳಿವೆ. ಅಂಥ ಮಿಲ್‌ಗಳ ಲೆಕ್ಕಪತ್ರ ನೋಡುವವರಿಗೆ ಸುಗ್ಗಿ ಮುಗಿದ ಕೂಡಲೇ ಎದುರಾಗುವ ಪ್ರಶ್ನೆ ಒಂದೇ: ಈ ವರ್ಷ ಉಳಿದ ದುಡ್ಡನ್ನು ಯಾವುದಕ್ಕೆ ಹಾಕೋಣ? ಮಾಲೀಕರ ತಲೆಯಲ್ಲಿ ನಾಲ್ಕೈದು ಯೋಜನೆಗಳಿರುತ್ತವೆ. ಒಂದೊಂದನ್ನೇ ನೋಡಿದರೆ ಎಲ್ಲವೂ ಲಾಭದವೇ. ಎಲ್ಲಕ್ಕೂ ಸಾಲುವಷ್ಟು ದುಡ್ಡು ಮಾತ್ರ ಇರುವುದಿಲ್ಲ. ಲಾಭದಾಯಕತೆ ಸೂಚ್ಯಂಕ, ಬಳಕೆಯಲ್ಲಿ ಹೇಳುವುದಾದರೆ ಪಿಐ, ಇಂಥ ಹೊತ್ತಿನಲ್ಲಿ ಕೈಗೆತ್ತಿಕೊಳ್ಳಬೇಕಾದ ಲೆಕ್ಕ: ಮುಂದೆ ಬರುವ ನಗದಿನ ಇವತ್ತಿನ ಬೆಲೆಯನ್ನು ಹಾಕುವ ಹಣದಿಂದ ಭಾಗಿಸಿದರೆ ಬರುವ ಅಂಕಿ.

ಇಲ್ಲಿ ಒಂದು ಮಿಲ್ಲನ್ನು ಉದಾಹರಣೆಗೆ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕ ಕಲಿಯಲು ನಾನೇ ಇಟ್ಟವು, ಯಂತ್ರಗಳ ಇಂದಿನ ಮಾರುಕಟ್ಟೆ ದರ ಎಂದು ತಿಳಿಯಬಾರದು. ಲೆಕ್ಕದ ದಾರಿಯೂ ಅದರಲ್ಲಿ ಕಾಲು ಜಾರುವ ಜಾಗಗಳೂ ಮಾತ್ರ ನಿಜವಾದ ಮಿಲ್‌ಗಳಲ್ಲಿ ಇರುವಂಥವೇ.

## ಮೊದಲು ಮಿತಿ ಎಷ್ಟು, ಯಾವ ವರ್ಷದ್ದು ಎಂದು ಬರೆದುಕೊಳ್ಳಿ

ನಮ್ಮ ಮಾಲೀಕರ ಹತ್ತಿರ ಈ ವರ್ಷ ಯಂತ್ರ, ಕಟ್ಟಡಗಳಿಗೆ ಹಾಕಲು 100 ಲಕ್ಷ ರೂಪಾಯಿ ಇದೆ. ಬ್ಯಾಂಕಿನವರು ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲದ ಮಿತಿಯನ್ನು ಭತ್ತದ ಖರೀದಿಗೆಂದೇ ಕೊಟ್ಟಿರುವುದರಿಂದ ಅದನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಮಿತಿ 100 ಲಕ್ಷ, ಅದೂ ಈ ವರ್ಷ ಮಾತ್ರ. ಈ "ಈ ವರ್ಷ ಮಾತ್ರ" ಎಂಬ ಮಾತನ್ನು ಗುರುತು ಹಾಕಿಕೊಳ್ಳಿ. ಪಿಐ ಸರಿಯಾಗಿ ಕೆಲಸ ಮಾಡುವುದು ದುಡ್ಡಿನ ಕೊರತೆ ಒಂದೇ ಅವಧಿಯಲ್ಲಿ ಇದ್ದಾಗ. ಈ ವರ್ಷವೂ ಮಿತಿ, ಮುಂದಿನ ವರ್ಷವೂ ಮಿತಿ, ಯೋಜನೆಗಳು ಎರಡೂ ವರ್ಷ ದುಡ್ಡು ಕೇಳುತ್ತವೆ ಎಂದಾದರೆ ಒಂದೇ ಭಾಗಲಬ್ಧದಿಂದ ಕ್ರಮ ಹಾಕಲು ಆಗುವುದಿಲ್ಲ. 1955ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಜೇಮ್ಸ್ ಲೋರಿ ಮತ್ತು ಲಿಯೊನಾರ್ಡ್ ಸ್ಯಾವೇಜ್ ಬಂಡವಾಳದ ಕೊರತೆಯನ್ನು ಕುರಿತು ಬರೆದಾಗಲೇ ಈ ಎರಡು ಸಂದರ್ಭಗಳನ್ನು ಬೇರೆಬೇರೆಯಾಗಿ ನೋಡಿದ್ದರು. ಹಲವು ವರ್ಷಗಳ ಮಿತಿ ಇದ್ದರೆ ಲೀನಿಯರ್ ಪ್ರೋಗ್ರಾಮಿಂಗ್‌ನಂಥ ಬೇರೆ ವಿಧಾನ ಬೇಕು.

## ಪ್ರತಿ ಯೋಜನೆಗೂ ಪಿಐ ಕಟ್ಟುವುದು

ಮಾಲೀಕರ ಪಟ್ಟಿಯಲ್ಲಿ ಐದು ಕೆಲಸಗಳಿವೆ. ಕಟಾವು ಯಂತ್ರದಿಂದ ಹಸಿಹಸಿಯಾಗಿ ಬರುವ ಭತ್ತ ಒಣಗಿಸಲು ಡ್ರೈಯರ್. ಕಪ್ಪು ಕಾಳು, ಹಳದಿ ಕಾಳು ಆರಿಸಿ ತೆಗೆಯುವ ಕಲರ್ ಸಾರ್ಟರ್, ಮಿಲ್‌ನವರ ಬಾಯಲ್ಲಿ ಸಾರ್ಟೆಕ್ಸ್. ಚೀಲ ತೂಗಿ ಹೊಲಿಯುವ ಪ್ಯಾಕಿಂಗ್ ಯಂತ್ರ. ಶೆಡ್ಡಿನ ಮೇಲೆ ಸೋಲಾರ್. ಕೊನೆಯದಾಗಿ, ಅವರು ಬಹಳ ದಿನದಿಂದ ಆಸೆಪಟ್ಟ ದೊಡ್ಡ ಗೋದಾಮು.

ಪ್ರತಿಯೊಂದಕ್ಕೂ ಮೂರು ಅಂಕಿ ಬೇಕು: ಇವತ್ತು ಕೈಬಿಡುವ ಹಣ, ತೆರಿಗೆ ಕಳೆದು ವರ್ಷಕ್ಕೆ ಕೈಗೆ ಬರುವ ನಗದು, ಅದು ಎಷ್ಟು ವರ್ಷ ಬರುತ್ತದೆ ಎಂಬುದು. ಕೈಗೆ ಬರುವ ನಗದು ಎಂದರೆ ಲಾಭನಷ್ಟ ಖಾತೆಯ ಲಾಭವಲ್ಲ. ಸವಕಳಿಯನ್ನು ಖರ್ಚೆಂದು ಕಳೆದಿದ್ದರೆ ಅದನ್ನು ಮತ್ತೆ ಕೂಡಿಸಬೇಕು, ಏಕೆಂದರೆ ಸವಕಳಿಗೆ ಯಾರಿಗೂ ಚೆಕ್ ಬರೆಯುವುದಿಲ್ಲ. ಅದರಿಂದ ಉಳಿಯುವ ತೆರಿಗೆ ಮಾತ್ರ ನಿಜವಾದ ನಗದು.

ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸಲು ಒಂದು ಡಿಸ್ಕೌಂಟ್ ದರ ಬೇಕು. ಇಲ್ಲಿ 12% ಇಟ್ಟುಕೊಳ್ಳೋಣ. ಸಾರ್ಟರ್‌ನ ಲೆಕ್ಕ ಬಿಡಿಸಿ ನೋಡಿ. ಅದಕ್ಕೆ 40 ಲಕ್ಷ ಬೇಕು, ವರ್ಷಕ್ಕೆ 11 ಲಕ್ಷದಂತೆ 8 ವರ್ಷ ನಗದು ಬರುತ್ತದೆ. 12% ದರದಲ್ಲಿ 8 ವರ್ಷ ವರ್ಷಕ್ಕೊಂದು ರೂಪಾಯಿ ಬರುವುದರ ಇವತ್ತಿನ ಬೆಲೆ 4.9676 ರೂಪಾಯಿ. ಅದನ್ನು 11ರಿಂದ ಗುಣಿಸಿದರೆ 54.64 ಲಕ್ಷ. ಹಾಕಿದ 40 ಕಳೆದರೆ 14.64 ಲಕ್ಷ ಉಳಿಯಿತು. ಇದು ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಎನ್‌ಪಿವಿ. ಅದೇ 54.64ನ್ನು 40ರಿಂದ ಭಾಗಿಸಿದರೆ 1.366. ಇದು ಪಿಐ. ಹಾಕಿದ ಪ್ರತಿ ರೂಪಾಯಿಗೆ ಇವತ್ತಿನ ಬೆಲೆಯಲ್ಲಿ 1 ರೂಪಾಯಿ 36 ಪೈಸೆಗಿಂತ ತುಸು ಹೆಚ್ಚು ವಾಪಸ್ ಬರುತ್ತದೆ ಎಂದು ಓದಿಕೊಳ್ಳಿ.

ಎಕ್ಸೆಲ್‌ನಲ್ಲಿ B2ರಲ್ಲಿ ಹಾಕುವ ಹಣ, C2ರಿಂದ J2ರವರೆಗೆ ಎಂಟು ವರ್ಷಗಳ ನಗದು ಬರೆದಿದ್ದರೆ ಸೂತ್ರ ಇಷ್ಟೇ:

```
=NPV(12%, C2:J2) / B2
```

ಇಲ್ಲಿ ನಾನು ಪದೇ ಪದೇ ಕಾಣುವ ತಪ್ಪೊಂದಿದೆ. ಎಕ್ಸೆಲ್‌ನ `NPV` ತನಗೆ ಕೊಟ್ಟ ಮೊದಲ ಮನೆಯ ಅಂಕಿ ಒಂದು ವರ್ಷದ ಕೊನೆಗೆ ಬರುತ್ತದೆ ಎಂದು ತಿಳಿಯುತ್ತದೆ. ಇವತ್ತು ಹಾಕುವ ಹಣವನ್ನೂ ಋಣ ಚಿಹ್ನೆ ಹಾಕಿ ಅದರೊಳಗೆ ಸೇರಿಸಿ `B2:J2` ಎಂದು ಬರೆದರೆ ಎಲ್ಲವೂ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಉತ್ತರ ನೋಡಲು ಸರಿಯೆನಿಸುವುದರಿಂದ ಸಿಕ್ಕಿಬೀಳುವುದೂ ಇಲ್ಲ. ಪರೀಕ್ಷಿಸುವ ದಾರಿ ಸುಲಭ: ಪ್ರತಿ ವರ್ಷ ಒಂದೇ ಮೊತ್ತ ಬರುವಂತಿದ್ದರೆ `=PV(12%,8,-11)` ಹಾಕಿ ನೋಡಿ, 54.64 ಬರಬೇಕು.

ಐದಕ್ಕೂ ಇದೇ ರೀತಿ ಮಾಡಿದರೆ ಬರುವ ಪಟ್ಟಿ ಹೀಗಿದೆ. ಹಣವೆಲ್ಲ ಲಕ್ಷ ರೂಪಾಯಿಗಳಲ್ಲಿ.

| ಯೋಜನೆ | ಹಾಕುವ ಹಣ | ವರ್ಷದ ನಗದು | ವರ್ಷ | ಎನ್‌ಪಿವಿ | ಪಿಐ |
|---|---|---|---|---|---|
| ಪ್ಯಾಕಿಂಗ್ ಯಂತ್ರ | 20 | 8 | 5 | 8.84 | 1.442 |
| ಸಾರ್ಟರ್ | 40 | 11 | 8 | 14.64 | 1.366 |
| ಡ್ರೈಯರ್ | 60 | 15.5 | 8 | 17.00 | 1.283 |
| ಗೋದಾಮು | 90 | 16.8 | 15 | 24.42 | 1.271 |
| ಸೋಲಾರ್ | 30 | 5 | 20 | 7.35 | 1.245 |

ಐದರ ಪಿಐ ಕೂಡ 1ಕ್ಕಿಂತ ಹೆಚ್ಚು. ದುಡ್ಡಿಗೆ ಕೊರತೆ ಇಲ್ಲದಿದ್ದರೆ ಐದನ್ನೂ ಮಾಡಬೇಕು, ಆಗ ಕ್ರಮದ ಮಾತೇ ಬೇಡ. ಐದಕ್ಕೂ ಬೇಕಾದದ್ದು 240 ಲಕ್ಷ, ಇರುವುದು 100.

## ಕ್ರಮ ಹಾಕಿ ಮೇಲಿನಿಂದ ತುಂಬಿಸುವುದು

ಈ ಪಟ್ಟಿ ನೋಡಿದ ಮಾಲೀಕರ ಕಣ್ಣು ಮೊದಲು ಹೋಗುವುದು 24.42ರ ಮೇಲೆ. "ಗೋದಾಮು ಕಟ್ಟಿಬಿಡೋಣ್ರಿ, ಎಲ್ಲಕ್ಕಿಂತ ಅದರಾಗ ಹೆಚ್ಚು ಉಳಿತೈತಲ್ಲ" ಎನ್ನುತ್ತಾರೆ. ಒಂದೊಂದನ್ನೇ ಹೋಲಿಸಿದರೆ ಮಾತು ಸರಿ. ಆದರೆ ಗೋದಾಮು 90 ಲಕ್ಷ ನುಂಗಿತು, ಉಳಿದ 10 ಲಕ್ಷದಲ್ಲಿ ಪಟ್ಟಿಯ ಇನ್ಯಾವುದೂ ಬರುವುದಿಲ್ಲ. ಒಟ್ಟು ಗಳಿಕೆ 24.42 ಲಕ್ಷಕ್ಕೆ ನಿಂತುಹೋಯಿತು.

ಈಗ ಪಿಐ ಕ್ರಮದಲ್ಲಿ ಮೇಲಿನಿಂದ ಬನ್ನಿ. ಪ್ಯಾಕಿಂಗ್ ಯಂತ್ರಕ್ಕೆ 20, ಸಾರ್ಟರ್‌ಗೆ 40 ಕೊಟ್ಟರೆ ಕೈಯಲ್ಲಿ 40 ಉಳಿಯಿತು. ಡ್ರೈಯರ್‌ಗೆ 60 ಬೇಕು, ಆಗದು. ಗೋದಾಮಿಗಂತೂ ಆಗದು. ಸೋಲಾರ್‌ಗೆ 30 ಸಾಕು, ತೆಗೆದುಕೊಳ್ಳಿ. 90 ಲಕ್ಷವೇ ಖರ್ಚಾದರೂ ಮೂರರ ಎನ್‌ಪಿವಿ ಕೂಡಿದರೆ 30.83 ಲಕ್ಷ. ಗೋದಾಮಿಗೆ ಹಾಕಿದಷ್ಟೇ ಹಣ, ಗಳಿಕೆ ಮಾತ್ರ 6.41 ಲಕ್ಷ ಹೆಚ್ಚು. ಯೋಜನೆ ದೊಡ್ಡದೋ ಚಿಕ್ಕದೋ ಎಂಬುದನ್ನು ಬದಿಗಿಟ್ಟು, ಕೊರತೆಯಿರುವ ಒಂದೊಂದು ರೂಪಾಯಿಯೂ ಎಷ್ಟು ದುಡಿಯುತ್ತದೆ ಎಂದು ಪಿಐ ಕೇಳುವುದರಿಂದಲೇ ಈ ವ್ಯತ್ಯಾಸ ಬಂತು.

ಯೋಜನೆಗಳನ್ನು ಕತ್ತರಿಸಿ ಭಾಗಭಾಗವಾಗಿ ಕೊಳ್ಳಲು ಬರುವಂತಿದ್ದರೆ, ಅಂದರೆ 60 ಲಕ್ಷದ ಡ್ರೈಯರ್‌ನಲ್ಲಿ 40 ಲಕ್ಷದಷ್ಟನ್ನೇ ಕೊಂಡು ಅದೇ ಪ್ರಮಾಣದಲ್ಲಿ ನಗದು ಪಡೆಯುವಂತಿದ್ದರೆ, ಲೆಕ್ಕ ಪಿಐ ಪಟ್ಟಿಯಲ್ಲೇ ಮುಗಿಯುತ್ತಿತ್ತು. ಮೂರನೇ ಎರಡು ಭಾಗದ ಡ್ರೈಯರ್ ಎಂಬುದು ಎಲ್ಲೂ ಸಿಗುವುದಿಲ್ಲ. ಆದ್ದರಿಂದ ಇನ್ನೊಂದು ಹೆಜ್ಜೆ ಬೇಕು.

## ಜೋಡಿಗಳನ್ನು ಹೊಂದಿಸಿ ನೋಡುವುದು

ಒಂದೋ ಎರಡೋ ಮೂರೋ ಯೋಜನೆಗಳು ಸೇರಿ ಮಿತಿಯೊಳಗೆ ಕೂರುವ ಎಲ್ಲ ಜೋಡಿಗಳ ಎನ್‌ಪಿವಿ ಕೂಡಿ ನೋಡಬೇಕು. ಐದು ಯೋಜನೆಗಳಿಗೆ ಏನನ್ನೂ ಮಾಡದಿರುವುದೂ ಸೇರಿ 32 ಜೋಡಿಗಳಾಗುತ್ತವೆ. ಹೆಚ್ಚಿನವು 100 ಲಕ್ಷ ದಾಟಿ ತಾವಾಗಿಯೇ ಬಿದ್ದುಹೋಗುತ್ತವೆ, ಉಳಿದವನ್ನು ಕೈಯಲ್ಲೇ ಬರೆಯಬಹುದು. ಹತ್ತು ಹನ್ನೆರಡು ಯೋಜನೆಗಳಿದ್ದರೆ ಎಕ್ಸೆಲ್‌ನ ಸಾಲ್ವರ್ ಬಳಸಿ. ಪ್ರತಿ ಯೋಜನೆಯ ಎದುರು D ಕಾಲಂನಲ್ಲಿ ಒಂದು ಖಾಲಿ ಮನೆ ಇಟ್ಟು, ಅದರಲ್ಲಿ 0 ಅಥವಾ 1 ಮಾತ್ರ ಬರಲಿ ಎಂದು `bin` ನಿಬಂಧನೆ ಹಾಕಿ. B ಕಾಲಂನಲ್ಲಿ ಹಾಕುವ ಹಣ, C ಕಾಲಂನಲ್ಲಿ ಎನ್‌ಪಿವಿ ಇದ್ದರೆ:

```
ಒಟ್ಟು ಖರ್ಚು    =SUMPRODUCT(B2:B6, D2:D6)
ಒಟ್ಟು ಎನ್‌ಪಿವಿ  =SUMPRODUCT(C2:C6, D2:D6)
```

ಮೊದಲನೆಯದು 100 ದಾಟಬಾರದು, ಎರಡನೆಯದು ಆದಷ್ಟೂ ಹೆಚ್ಚಬೇಕು ಎಂದು ಸಾಲ್ವರ್‌ಗೆ ಹೇಳಿದರೆ ಸಾಕು.

ನಮ್ಮ ಮಿಲ್ಲಿಗೆ ಬರುವ ಉತ್ತರ ಸಾರ್ಟರ್ ಮತ್ತು ಡ್ರೈಯರ್. ಖರ್ಚು ಸರಿಯಾಗಿ 100 ಲಕ್ಷ, ಒಟ್ಟು ಎನ್‌ಪಿವಿ 31.64 ಲಕ್ಷ. ಪಿಐ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಪ್ಯಾಕಿಂಗ್ ಯಂತ್ರವೇ ಹೊರಗೆ ಉಳಿಯಿತು! ಇದನ್ನು ನೋಡಿ ಕೆಲವರು ಪಿಐ ದಂಡ ಎಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಪಿಐ ಹೇಳಿದ ಜೋಡಿಗೂ ಈ ಜೋಡಿಗೂ ಇರುವ ಅಂತರ ಬರೀ 81 ಸಾವಿರ, ಬರೀ ಎನ್‌ಪಿವಿ ನೋಡಿ ಗೋದಾಮು ಕಟ್ಟಿದ್ದರೆ ಕೈತಪ್ಪುತ್ತಿದ್ದದ್ದು ಏಳು ಲಕ್ಷಕ್ಕೂ ಮೇಲೆ. ಒಂದು ವಿಷಯ ಮಾತ್ರ ನೆನಪಿರಲಿ: ಪಿಐ ಕ್ರಮದಲ್ಲಿ ತುಂಬಿಸುತ್ತಾ ಹೋದಾಗ ಒಂದು ದೊಡ್ಡ ಯೋಜನೆಯನ್ನು ದಾಟಿ ಕೆಳಗಿನದನ್ನು ಹಿಡಿಯಬೇಕಾಯಿತು ಎಂದರೆ, ಅಥವಾ ಕೊನೆಯಲ್ಲಿ ಹಣ ಉಳಿಯಿತು ಎಂದರೆ, ಜೋಡಿಗಳನ್ನು ನೋಡದೆ ನಿರ್ಧಾರಕ್ಕೆ ಬರಬಾರದು.

## ಆ 81 ಸಾವಿರ ನಿಜವೇ?

ಸಾಲ್ವರ್ ಕೊಟ್ಟ ಉತ್ತರವನ್ನು ಹಾಗೇ ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೆಯುವ ಮೊದಲು ಮಿಲ್ಲಿನೊಳಗೆ ಹೋಗಿ ಒಂದು ಹಿಡಿ ಅಕ್ಕಿ ಕೈಯಲ್ಲಿ ಹಿಡಿದು ನೋಡಿ. ಅದರಲ್ಲಿ ಹಳದಿ ಕಾಳು ಏಕೆ ಬಂತು? ನವೆಂಬರ್, ಡಿಸೆಂಬರ್‌ನಲ್ಲಿ ಕಟಾವು ಯಂತ್ರದಿಂದ ಇಳಿದ ಭತ್ತದಲ್ಲಿ ತೇವ 20%ಕ್ಕೂ ಮೇಲೆ ಇರಬಹುದು. ಮಿಲ್ಲಿಗೆ ಹಾಕಲು ಅದು 14%ರ ಆಸುಪಾಸಿಗೆ ಇಳಿಯಬೇಕು. ಅಷ್ಟರಲ್ಲಿ ಮೋಡ ಮುಚ್ಚಿ ಮಳೆ ಹಿಡಿದರೆ ರಾಶಿಯೊಳಗೆ ಭತ್ತ ಬಿಸಿಯಾಗಿ ಕಾಳಿನ ಬಣ್ಣ ತಿರುಗುತ್ತದೆ. ಆ ಬಣ್ಣ ತಿರುಗಿದ ಕಾಳನ್ನು ಆರಿಸಿ ತೆಗೆದು ಅಕ್ಕಿಗೆ ಒಳ್ಳೆಯ ದರ ತರುವುದು ಸಾರ್ಟರ್‌ನ ಸಂಪಾದನೆಯ ಒಂದು ಭಾಗ.

ಡ್ರೈಯರ್ ಬಂದರೆ ಭತ್ತ ಬೇಗ ಒಣಗುತ್ತದೆ, ಹಳದಿ ಕಾಳು ಕಡಿಮೆಯಾಗುತ್ತದೆ. ಹಾಗಾದರೆ ಸಾರ್ಟರ್ ತರುವ ಹೆಚ್ಚುವರಿ ಗಳಿಕೆಯೂ ಅಷ್ಟಕ್ಕೆ ಇಳಿಯುತ್ತದೆ. ಎರಡನ್ನೂ ಬೇರೆಬೇರೆಯಾಗಿ ಲೆಕ್ಕ ಮಾಡಿ ಕೂಡಿಸಿದಾಗ ಒಂದೇ ಲಾಭವನ್ನು ಎರಡು ಸಲ ಎಣಿಸಿದ ಹಾಗಾಯಿತು. ಎಷ್ಟು ಇಳಿದರೆ ಉತ್ತರ ತಿರುಗುತ್ತದೆ ಎಂದು ನೋಡೋಣ. ಅಂತರ 0.81 ಲಕ್ಷ. ಅದನ್ನು 8 ವರ್ಷದ ಅಂಶ 4.9676ರಿಂದ ಭಾಗಿಸಿದರೆ 0.163 ಲಕ್ಷ, ಅಂದರೆ ವರ್ಷಕ್ಕೆ ಸುಮಾರು 16,300 ರೂಪಾಯಿ. ಸಾರ್ಟರ್‌ನ 11 ಲಕ್ಷದ ಗಳಿಕೆ ಡ್ರೈಯರ್‌ನ ದೆಸೆಯಿಂದ ವರ್ಷಕ್ಕೆ ಇಪ್ಪತ್ತು ಸಾವಿರ ಇಳಿದರೆ ಸಾಕು, ಪ್ಯಾಕಿಂಗ್, ಸಾರ್ಟರ್, ಸೋಲಾರ್ ಜೋಡಿಯೇ ಮೇಲಾಗುತ್ತದೆ. ಯಾವ ಮಿಲ್ಲಿನ ಅಂದಾಜೂ ಇಪ್ಪತ್ತು ಸಾವಿರದಷ್ಟು ನಿಖರವಾಗಿ ಇರುವುದಿಲ್ಲ.

ಒಂದು ಯೋಜನೆಯಿಂದ ಇನ್ನೊಂದರ ನಗದು ಏರುತ್ತದೋ ಇಳಿಯುತ್ತದೋ ಎಂದು ಅನುಮಾನ ಬಂದಲ್ಲಿ ಆ ಎರಡನ್ನೂ ಸೇರಿಸಿ ಮೂರನೆಯ ಯೋಜನೆ ಎಂದು ಬರೆದುಕೊಳ್ಳಿ: "ಡ್ರೈಯರ್ ಜೊತೆ ಸಾರ್ಟರ್, 100 ಲಕ್ಷ". ಅದರ ನಗದನ್ನು ಹೊಸದಾಗಿ ಅಂದಾಜು ಮಾಡಿ. ಎರಡು ಸಾಲುಗಳನ್ನು ಕೂಡಿದ ಮೊತ್ತವನ್ನೇ ಅಲ್ಲಿ ಬರೆಯಬೇಡಿ.

## ಕೆಳಗಿನ ಅಂಕಿಯಲ್ಲಿ ಏನೇನು ಸೇರಬೇಕು

ಪಿಐ ಒಂದು ಭಾಗಲಬ್ಧ. ಹಾಗಾಗಿ ಕೆಳಗಿನ ಅಂಕಿ, ಅಂದರೆ ಹಾಕುವ ಹಣ, ತುಸು ತಪ್ಪಿದರೂ ಕ್ರಮ ಅದಲುಬದಲಾಗುತ್ತದೆ. ಅತಿ ಹೆಚ್ಚು ಮರೆತುಹೋಗುವುದು ದುಡಿಯುವ ಬಂಡವಾಳ. ನಮ್ಮ ಗೋದಾಮನ್ನೇ ನೋಡಿ. ವರ್ಷಕ್ಕೆ 16.8 ಲಕ್ಷ ಹೇಗೆ ಬರುತ್ತದೆ ಎಂದು ಕೇಳಿದರೆ, ಸುಗ್ಗಿಯಲ್ಲಿ ಅಗ್ಗಕ್ಕೆ ಕೊಂಡ ಭತ್ತವನ್ನು ಇಟ್ಟುಕೊಂಡು ದರ ಏರಿದಾಗ ಅಕ್ಕಿ ಮಾಡಿ ಮಾರುವುದರಿಂದ ಎಂಬ ಉತ್ತರ ಬರುತ್ತದೆ. ಒಳ್ಳೆಯದು. ಆ ಭತ್ತಕ್ಕೆ ದುಡ್ಡು ಎಲ್ಲಿದೆ? ಖಾಲಿ ಗೋದಾಮು ಏನನ್ನೂ ದುಡಿಯುವುದಿಲ್ಲ.

ದಾಸ್ತಾನಿಗೆ 20 ಲಕ್ಷ ಹೆಚ್ಚುವರಿ ಹಣ ಸಿಕ್ಕಿಕೊಳ್ಳುತ್ತದೆ, 15 ವರ್ಷದ ಕೊನೆಗೆ ಅದು ವಾಪಸ್ ಬರುತ್ತದೆ ಎಂದುಕೊಳ್ಳೋಣ. ಅಂದು ಬರುವ 20 ಲಕ್ಷದ ಇವತ್ತಿನ ಬೆಲೆ 3.65 ಲಕ್ಷ. ಮೇಲಿನ ಅಂಕಿ 114.42ರಿಂದ 118.07ಕ್ಕೆ ಏರಿತು, ಕೆಳಗಿನದು 90ರಿಂದ 110ಕ್ಕೆ. ಪಿಐ 1.271 ಇದ್ದದ್ದು 1.073ಕ್ಕೆ ಕುಸಿಯಿತು. ಅದಕ್ಕಿಂತ ಮುಖ್ಯವಾಗಿ 110 ಲಕ್ಷ ನಮ್ಮ ಮಿತಿಯಲ್ಲೇ ಇಲ್ಲ. ನಾಲ್ಕನೆಯ ಸ್ಥಾನದಲ್ಲಿ ಗೌರವದಿಂದ ಕೂತಿದ್ದ ಯೋಜನೆ ಪಟ್ಟಿಯಿಂದಲೇ ಹೊರಬಿತ್ತು.

ಸಹಾಯಧನದ ವಿಷಯದಲ್ಲೂ ಇದೇ ಎಚ್ಚರ ಬೇಕು. ಸರ್ಕಾರದಿಂದ ಸಬ್ಸಿಡಿ ಬರುವ ಯೋಜನೆಯಲ್ಲಿ ಆ ಹಣವನ್ನು ಕೆಳಗಿನ ಅಂಕಿಯಿಂದ ಕಳೆಯುವುದೋ, ಮೇಲಿನದಕ್ಕೆ ಕೂಡಿಸುವುದೋ? ಎನ್‌ಪಿವಿಗೆ ಎರಡೂ ಒಂದೇ, ಪಿಐಗೆ ಬೇರೆ. ಡ್ರೈಯರ್‌ಗೆ ತಕ್ಷಣ 10 ಲಕ್ಷ ಸಬ್ಸಿಡಿ ಸಿಕ್ಕರೆ ಕೂಡಿಸುವ ದಾರಿಯಲ್ಲಿ 87ನ್ನು 60ರಿಂದ ಭಾಗಿಸಿ 1.45 ಬರುತ್ತದೆ, ಕಳೆಯುವ ದಾರಿಯಲ್ಲಿ 77ನ್ನು 50ರಿಂದ ಭಾಗಿಸಿ 1.54. ನಾನು ಪಾಲಿಸುವ ನಿಯಮ ಸರಳ: ಕೊರತೆಯಿರುವ ಆ 100 ಲಕ್ಷದಿಂದ ನಿಜವಾಗಿ ಎಷ್ಟು ಹೊರಹೋಗುತ್ತದೋ ಅಷ್ಟನ್ನೇ ಕೆಳಗೆ ಬರೆಯಬೇಕು. ಸಬ್ಸಿಡಿ ಯಂತ್ರ ಕೊಳ್ಳುವಾಗಲೇ ಬಿಲ್ಲಿನಲ್ಲಿ ಕಡಿತವಾಗುವುದಾದರೆ ಕಳೆಯಿರಿ. ಮೊದಲು ಪೂರ್ತಿ ಕಟ್ಟಿ, ಒಂದೆರಡು ವರ್ಷ ಬಿಟ್ಟು ಖಾತೆಗೆ ಬರುವುದಾದರೆ ಅದು ಆ ವರ್ಷದ ನಗದು, ಮೇಲಿನ ಅಂಕಿಗೆ ಡಿಸ್ಕೌಂಟ್ ಮಾಡಿ ಸೇರಿಸಿ. ಎಲ್ಲ ಯೋಜನೆಗಳಿಗೂ ಒಂದೇ ನಿಯಮ ಇರಲಿ.

## ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ

ಸಾರ್ಟರ್ ಮಾರುವವನು 40 ಲಕ್ಷದ ಯಂತ್ರದ ಜೊತೆಗೆ 60 ಲಕ್ಷದ ಇನ್ನೂ ದೊಡ್ಡದನ್ನು ತೋರಿಸುತ್ತಾನೆ. ಅದು ವರ್ಷಕ್ಕೆ 16 ಲಕ್ಷದಂತೆ 8 ವರ್ಷ ಕೊಡುತ್ತದೆ ಎನ್ನಿ. ಎನ್‌ಪಿವಿ 19.48, ಪಿಐ 1.325. ಚಿಕ್ಕದರ ಪಿಐ ಹೆಚ್ಚು, ದೊಡ್ಡದರ ಎನ್‌ಪಿವಿ ಹೆಚ್ಚು. ಎರಡನ್ನೂ ಕೊಳ್ಳುವ ಮಾತಿಲ್ಲ.

ಇಲ್ಲಿ ಪಿಐಗಳನ್ನು ನೇರವಾಗಿ ಹೋಲಿಸಬಾರದು. ಚಿಕ್ಕದರ ಮೇಲೆ ಕೊಡುವ ಹೆಚ್ಚುವರಿ 20 ಲಕ್ಷವನ್ನೇ ಒಂದು ಬೇರೆ ಯೋಜನೆ ಎಂದು ನೋಡಿ. ಅದರಿಂದ ಬರುವ ಹೆಚ್ಚುವರಿ ಎನ್‌ಪಿವಿ 4.84 ಲಕ್ಷ, ಪಿಐ 1.242. 1ಕ್ಕಿಂತ ಹೆಚ್ಚಿರುವುದರಿಂದ ದುಡ್ಡು ಧಾರಾಳವಾಗಿದ್ದರೆ ದೊಡ್ಡದೇ ಸರಿ. ನಮ್ಮಲ್ಲಿ ದುಡ್ಡಿಗೆ ಬರ. ಅದೇ 20 ಲಕ್ಷ ಪ್ಯಾಕಿಂಗ್ ಯಂತ್ರದಲ್ಲಿ 8.84 ಲಕ್ಷ ದುಡಿಯುತ್ತದೆ. ಹಾಗಾಗಿ ಚಿಕ್ಕ ಸಾರ್ಟರ್ ಸಾಕು. ಸಾಲ್ವರ್‌ನಲ್ಲಿ ಎರಡನ್ನೂ ಪಟ್ಟಿಗೆ ಸೇರಿಸುವುದಾದರೆ ಅವುಗಳ ಎದುರಿನ 0, 1ರ ಮೊತ್ತ 1ನ್ನು ದಾಟಬಾರದು ಎಂದು ಇನ್ನೊಂದು ನಿಬಂಧನೆ ಹಾಕಬೇಕು, ಇಲ್ಲವಾದರೆ ಅದು ಎರಡನ್ನೂ ಒಟ್ಟಿಗೆ ಆರಿಸಿಬಿಡಬಹುದು.

## ಮಿತಿಯನ್ನೇ ಪ್ರಶ್ನಿಸಿ ನೋಡುವುದು

ಇಷ್ಟಾದ ಮೇಲೆ ನಮ್ಮ ಮುಂದೆ ಎರಡು ಜೋಡಿ ಉಳಿದವು. ಸಾರ್ಟರ್, ಡ್ರೈಯರ್ ಜೋಡಿ ಕಾಗದದ ಮೇಲೆ 81 ಸಾವಿರ ಮುಂದಿದೆ, ಆದರೆ ಕೊನೆಯ ರೂಪಾಯಿಯವರೆಗೂ ಖಾಲಿ ಮಾಡುತ್ತದೆ. ಡ್ರೈಯರ್‌ನ ಅಡಿಪಾಯಕ್ಕೆ ಅಂದಾಜಿಗಿಂತ ಎರಡು ಲಕ್ಷ ಹೆಚ್ಚಾದರೆ ಅದು ಬರಬೇಕಾದದ್ದು ಭತ್ತದ ಖರೀದಿಗೆ ಇಟ್ಟ ಸಿಸಿಯಿಂದಲೇ. ಇನ್ನೊಂದು ಜೋಡಿ 10 ಲಕ್ಷ ಕೈಯಲ್ಲಿ ಉಳಿಸುತ್ತದೆ. ನನ್ನನ್ನು ಕೇಳಿದರೆ, ಮಿತಿ ನಿಜವಾಗಿಯೂ 100 ಲಕ್ಷವೇ ಆಗಿದ್ದರೆ ಎರಡನೆಯದನ್ನು ಆರಿಸುತ್ತೇನೆ.

ಆದರೆ ಅದಕ್ಕೂ ಮೊದಲು ಮಾಲೀಕರಿಗೆ ಇನ್ನೊಂದು ಲೆಕ್ಕ ತೋರಿಸಬೇಕು. ಮಿತಿ 120 ಲಕ್ಷ ಆಗಿದ್ದರೆ ಪ್ಯಾಕಿಂಗ್, ಸಾರ್ಟರ್, ಡ್ರೈಯರ್ ಮೂರೂ ಸರಿಯಾಗಿ ಕೂರುತ್ತವೆ. ಒಟ್ಟು ಎನ್‌ಪಿವಿ 40.48 ಲಕ್ಷ, ಅಂದರೆ 20 ಲಕ್ಷ ಹೆಚ್ಚಿಗೆ ಸಿಕ್ಕರೆ 8.84 ಲಕ್ಷ ಹೆಚ್ಚು ಗಳಿಕೆ. 12%ಕ್ಕಿಂತ ತುಸು ದುಬಾರಿ ಬಡ್ಡಿಗೆ ಯಂತ್ರದ ಸಾಲ ಸಿಕ್ಕರೂ, ಮಾರುವವನೇ ಕಂತಿನ ಮೇಲೆ ಪ್ಯಾಕಿಂಗ್ ಯಂತ್ರ ಕೊಟ್ಟರೂ, ಆ ಹೆಚ್ಚುವರಿ ಹೊರೆಯ ಇವತ್ತಿನ ಬೆಲೆ 8.84 ಲಕ್ಷ ದಾಟದವರೆಗೆ ಅದು ಒಳ್ಳೆಯ ವ್ಯವಹಾರ. ಡ್ರೈಯರ್ ಬಂದು ಸಾರ್ಟರ್‌ನ ಗಳಿಕೆ ಸ್ವಲ್ಪ ಇಳಿದರೂ ಈ ಮೂರರ ಜೋಡಿ ಮುಂದೆಯೇ ಇರುತ್ತದೆ.

ಸಾಲವೂ ಬೇಡ ಎಂದರೆ ಕಾಯುವ ದಾರಿಯಿದೆ. ಮುಂದಿನ ಸುಗ್ಗಿಯ ಲಾಭದಿಂದ ಪ್ಯಾಕಿಂಗ್ ಯಂತ್ರ ಕೊಳ್ಳಬಹುದು ಎಂದಾದರೆ ಅದರ 8.84 ಲಕ್ಷ ಒಂದು ವರ್ಷ ತಡವಾಗಿ ಬರುತ್ತದೆ. 1.12ರಿಂದ ಭಾಗಿಸಿದರೆ 7.89 ಲಕ್ಷ. ಕಾಯುವುದಕ್ಕೆ ತೆರುವ ಬೆಲೆ 95 ಸಾವಿರ ರೂಪಾಯಿ, ಅಷ್ಟೇ. ಆಗ ಈ ವರ್ಷ ಡ್ರೈಯರ್ ಮತ್ತು ಸಾರ್ಟರ್, ಮುಂದಿನ ವರ್ಷ ಪ್ಯಾಕಿಂಗ್ ಎಂದು ಬರೆದು, ಅಡಿಪಾಯದ ಕೊಟೇಶನ್ ತರಿಸಿಕೊಂಡೇ ಮುಂಗಡ ಕೊಡಲು ಹೇಳಿ.